ಮಾವನ 1450 ಅಡಿ ಬೋರು ಔಟ್‌ಲೈಯರ್ರಾ ಅಲ್ವಾ? ಕೈಲೆಕ್ಕ ಒಂದು ಹೇಳುತ್ತೆ, ಶೀಟ್ ಇನ್ನೊಂದು

ಕೆರೆಕೋಡಿ_ಹುಡುಗಿ · ರಾತ್ರಿ 8:40

ಎಲ್ರಿಗೂ ನಮಸ್ಕಾರ. ಕೋಲಾರದಲ್ಲಿ ಡಿಗ್ರಿ ಕೊನೇ ವರ್ಷ. ಪ್ರಾಜೆಕ್ಟ್‌ಗೆ ಅಂತ ನರಸಾಪುರ ಕಡೆ ನಮ್ಮಜ್ಜಿ ಊರಲ್ಲಿ ಮನೆಮನೆ ತಿರುಗಿ, ಬೋರ್‌ವೆಲ್ ಎಷ್ಟು ಅಡಿ ಅಂತ ಬರ್ಕೊಂಡು ಬಂದಿದ್ದೀನಿ. ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದ್ರೆ ಹೀಗಿದೆ:

```
620, 780, 850, 900, 920, 960, 1000, 1040, 1100, 1180, 1450
```

ನೋಟ್ಸ್‌ನಲ್ಲಿದ್ದ ಹಾಗೆ ಕೈಯಲ್ಲಿ ಮಾಡಿದೆ. 11 ಬೋರು, ಒಂದು ಸೇರಿಸಿ 12, ನಾಲ್ಕರಿಂದ ಭಾಗಿಸಿದ್ರೆ 3. ಮೂರನೇದು Q1, ಅಂದ್ರೆ 850. ಒಂಬತ್ತನೇದು Q3, ಅಂದ್ರೆ 1100. ನಡುವಿನ ಅಂತರ 250, ಅದರ ಒಂದೂವರೆ ಪಟ್ಟು 375. ಅದನ್ನ Q3ಗೆ ಕೂಡಿದ್ರೆ ಮೇಲಿನ ಬೇಲಿ 1475, Q1ರಿಂದ ಕಳೆದ್ರೆ ಕೆಳಗಿನ ಬೇಲಿ 475. ಎಲ್ಲಾ ಒಳಗೇ ಇವೆ. ಔಟ್‌ಲೈಯರ್ ಇಲ್ಲ ಅಂತ ಖುಷಿಯಾಗಿ ಬರೆದಿಟ್ಟೆ.

ಆಮೇಲೆ ಅದನ್ನೇ ಶೀಟ್‌ಗೆ ಹಾಕಿ QUARTILE ಕೊಟ್ರೆ 875, 1070 ಅಂತ ಬರ್ತಿದೆ. ಅಂತರ ಬರೀ 195. ಮೇಲಿನ ಬೇಲಿ 1362.5 ಆಯ್ತು, 1450 ಬೇಲಿ ಹಾರಿಬಿಡ್ತು!

ಗೈಡ್ ಸರ್ "ಔಟ್‌ಲೈಯರ್ ಬಂದ್ರೆ ತೆಗೆದುಹಾಕಮ್ಮ, ರಿಪೋರ್ಟ್ ಚೆನ್ನಾಗಿ ಕಾಣುತ್ತೆ" ಅಂದಿದ್ದಾರೆ. ಆದ್ರೆ ಆ 1450 ನಮ್ಮ ಸೋದರಮಾವನ ಬೋರು. ಅದರ ಸಾಲ ಇನ್ನೂ ತೀರಿಲ್ಲ. ಲಿಸ್ಟಿಂದ ತೆಗೆದೆ ಅಂತ ಗೊತ್ತಾದ್ರೆ ಹಬ್ಬಕ್ಕೆ ಕರೆಯೋದೂ ಇಲ್ಲ 😄 ಯಾವ ಲೆಕ್ಕ ಸರಿ, ಯಾರಾದ್ರೂ ಹೇಳಿ.

ಶೀಟ್‌ರಾಯ · 8:47

ಶೀಟ್ ತಪ್ಪು ಮಾಡಲ್ಲ ತಂಗಿ. ಕೈಲೆಕ್ಕ ಇನ್ನೊಂದ್ಸಲ ನೋಡು.

ಪಿಯು_ಮೇಷ್ಟ್ರು · 8:55

ಕೈಲೆಕ್ಕ ಸರಿಯಾಗಿಯೇ ಇದೆ. ಎನ್ ಪ್ಲಸ್ ಒನ್ ಬೈ ಫೋರ್, ನಾವು ಇಪ್ಪತ್ತು ವರ್ಷದಿಂದ ಹೇಳಿಕೊಡ್ತಿರೋದು ಅದೇ. ಪರೀಕ್ಷೆಯಲ್ಲಿ 875 ಅಂತ ಬರೆದ್ರೆ ನಾನಂತೂ ಅಂಕ ಕೊಡಲ್ಲ. ಶೀಟ್ ಯಾವ ಸೂತ್ರ ಹಾಕ್ಕೊಂಡಿದೆ ಅಂತ ಶೀಟ್‌ರಾಯರು ಹೇಳಲಿ ನೋಡೋಣ.

ಶೀಟ್‌ರಾಯ · 8:56

ಒಳಗೆ ಏನು ಮಾಡುತ್ತೋ ನಂಗೇನು ಗೊತ್ತು ಸರ್, ಉತ್ತರ ಬರುತ್ತೆ ಅಷ್ಟೇ.

ಎಣಿಕೆ_ಅಕ್ಕ · 9:20

ಇಬ್ಬರದೂ ಸರಿ. ಜಗಳ ಇರೋದು ನಡುವಿನ ಒಂದು ಬೋರಿನ ಬಗ್ಗೆ ಮಾತ್ರ.

11 ಬೋರಲ್ಲಿ ಆರನೇದು 960, ಅದೇ ಮಧ್ಯಾಂಕ. ಅದಕ್ಕಿಂತ ಕೆಳಗೆ ಐದು, ಮೇಲೆ ಐದು. ಈಗ ಕೆಳಗಿನ ಅರ್ಧದ ನಡುವೆ ಯಾವುದು ಅಂತ ಹುಡುಕಬೇಕು. ಆ 960ನ್ನ ಯಾವ ಕಡೆಗೂ ಸೇರಿಸದೆ ಬಿಟ್ರೆ ಕೆಳಗೆ 620, 780, 850, 900, 920 ಉಳಿಯುತ್ತೆ, ನಡುವಿನದು 850. ಅದು ಮೇಷ್ಟ್ರ ಉತ್ತರ. 960ನ್ನ ಎರಡೂ ಕಡೆಗೆ ಸೇರಿಸ್ಕೊಂಡ್ರೆ ಕೆಳಗೆ ಆರು ಆಗುತ್ತೆ, ನಡುವೆ 850 ಮತ್ತು 900 ಎರಡು ನಿಲ್ಲುತ್ತೆ, ಅವುಗಳ ಮಧ್ಯ 875. ಅದು ಶೀಟ್ ಉತ್ತರ. ಮೇಲ್ಗಡೆನೂ ಹೀಗೇ, ಒಂದ್ರಲ್ಲಿ 1100, ಇನ್ನೊಂದ್ರಲ್ಲಿ 1070.

(ಎಲ್ಲ ಸಂಖ್ಯೆಗೂ ಹೀಗೆ ಪಕ್ಕಾ ಕೂರಲ್ಲ, 11 ಇದ್ದದ್ದರಿಂದ ಚೆನ್ನಾಗಿ ಕೂತಿದೆ. 12 ಇದ್ದಿದ್ರೆ ಭಿನ್ನರಾಶಿ ಬರ್ತಿತ್ತು.)

ಶೀಟಲ್ಲಿ ಎರಡೂ ಇದೆ. ಹಳೇ QUARTILE ಅಂದ್ರೆ INC. ಮೇಷ್ಟ್ರ ಲೆಕ್ಕ ಬೇಕಂದ್ರೆ EXC:

```
=QUARTILE.INC(A1:A11,1)   → 875
=QUARTILE.INC(A1:A11,3)   → 1070
=QUARTILE.EXC(A1:A11,1)   → 850
=QUARTILE.EXC(A1:A11,3)   → 1100
```

ಇದು ಎರಡಕ್ಕೇ ಮುಗಿಯಲ್ಲ. `R` ಅಲ್ಲಿ `quantile` ಕೊಟ್ರೆ `type` ಅಂತ 1ರಿಂದ 9ರವರೆಗೆ ಇದೆ, ಒಂಬತ್ತು ಥರ. ಏನೂ ಹೇಳದಿದ್ರೆ 7 ತಗೊಳ್ಳುತ್ತೆ, ಅದು ಶೀಟಿನ INC. ಮೇಷ್ಟ್ರದು 6. ಸಾವಿರಾರು ಸಂಖ್ಯೆ ಇದ್ರೆ ಈ ವ್ಯತ್ಯಾಸ ಕಣ್ಣಿಗೇ ಕಾಣಲ್ಲ. 11 ಇದ್ದಾಗ ಬೇಲಿ 112 ಅಡಿ ಜರುಗಿಬಿಡುತ್ತೆ, ಮಾವನ ಬೋರು ಒಳಗೂ ಇರುತ್ತೆ ಹೊರಗೂ ಇರುತ್ತೆ.

ರಿಪೋರ್ಟಲ್ಲಿ ಯಾವ ವಿಧಾನ ಅಂತ ಒಂದು ಸಾಲು ಬರೆದುಬಿಡಮ್ಮ. ಅರ್ಧ ತಲೆನೋವು ಅಲ್ಲೇ ಹೋಗುತ್ತೆ.

ಶೀಟ್‌ರಾಯ · 9:31

ಅಯ್ಯೋ! ಅದಕ್ಕೇನಾ ನನ್ನ ಬಾಕ್ಸ್ ಚಾರ್ಟ್‌ನಲ್ಲಿ ಬರೋ ಪೆಟ್ಟಿಗೆಗೂ ಪಕ್ಕದ ಸೆಲ್‌ನ ಸಂಖ್ಯೆಗೂ ತಾಳೆ ಆಗ್ತಿರಲಿಲ್ಲ? ಎಕ್ಸೆಲ್ ಹಾಳಾಗಿದೆ ಅಂತ ಎರಡು ಸಲ ಅನ್‌ಇನ್‌ಸ್ಟಾಲ್ ಮಾಡಿದ್ದೀನಿ.

ಎಣಿಕೆ_ಅಕ್ಕ · 9:33

ಅದೇ. ಚಾರ್ಟ್ ಸುಮ್ಮನೆ ಬಿಟ್ರೆ ಮಧ್ಯಾಂಕ ಹೊರಗಿಟ್ಟು ಲೆಕ್ಕ ಹಾಕುತ್ತೆ, ಸೆಲ್‌ನ QUARTILE ಒಳಗಿಟ್ಟು ಹಾಕುತ್ತೆ. ಪೆಟ್ಟಿಗೆ ಮೇಲೆ ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್‌ಗೆ ಹೋದ್ರೆ ಬದಲಾಯಿಸಬಹುದು.

ಪಿಯು_ಮೇಷ್ಟ್ರು · 9:40

ಸರಿ, ಒಪ್ಪಿದೆ. ಆದ್ರೆ ಪರೀಕ್ಷೆಯಲ್ಲಿ 850ನೇ.

ಎಂಬಿಎ_ಮುಳಬಾಗಿಲು · 9:52

ಈ ಕಾಲುಭಾಗದ ಗೊಂದಲವೇ ಬೇಡ. ಸರಾಸರಿ ತೆಗಿ, ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗಿ, ಸರಾಸರಿಯಿಂದ ಮೂರು ಎಸ್‌ಡಿ ದೂರ ಇದ್ರೆ ಔಟ್‌ಲೈಯರ್. ನಮ್ಮ ಕಂಪನಿಯಲ್ಲಿ ಎಲ್ಲಾ ಇದೇ ಮಾಡೋದು. ನಿನ್ನ ಲಿಸ್ಟಿಗೆ ಹಾಕಿದೆ, ಸರಾಸರಿ ಸುಮಾರು 982, ಎಸ್‌ಡಿ 218. ಮೂರು ಪಟ್ಟು ಸೇರಿಸಿದ್ರೆ 1636. ಮಾವ ಸೇಫ್. ಮುಗೀತು.

ಎಣಿಕೆ_ಅಕ್ಕ · 10:15

ಕಂಪನಿಯಲ್ಲಿ ಸಾವಿರ ಸಂಖ್ಯೆ ಇರುತ್ತೆ, ಅಲ್ಲಿ ನಡೆಯುತ್ತೆ ಅಂತಿಟ್ಕೊಳ್ಳೋಣ. 11ಕ್ಕೆ ಹಾಕಬೇಡಿ. ಯಾಕೆ ಅಂತ ನೀವೇ ಮಾಡಿ ನೋಡಿ. ಹುಡುಗಿ ಟೈಪ್ ಮಾಡುವಾಗ ಕೈತಪ್ಪಿ 1450ಕ್ಕೆ ಒಂದು ಸೊನ್ನೆ ಜಾಸ್ತಿ ಹಾಕಿ 14500 ಮಾಡಿದಳು ಅಂತ ಅಂದ್ಕೊಳ್ಳಿ. ಹದಿನಾಲ್ಕೂವರೆ ಸಾವಿರ ಅಡಿ. ಪಾತಾಳ ದಾಟಿ ಆಚೆ ಹೋಗಿರುತ್ತೆ. ಈಗ ನಿಮ್ಮ ಮೂರು ಎಸ್‌ಡಿ ಲೆಕ್ಕ ಹಾಕಿ.

ಎಂಬಿಎ_ಮುಳಬಾಗಿಲು · 10:24

ಸರಾಸರಿ 2168 ಆಗ್ತಿದೆ. ಎಸ್‌ಡಿ 4093. ಗಡಿ... 14447.

ಹೊರಗೇ ಇದೆಯಲ್ಲ ಮೇಡಂ, 14500 ಹಿಡೀತು.

ಎಣಿಕೆ_ಅಕ್ಕ · 10:31

53 ಅಡಿ ಅಂತರದಲ್ಲಿ ಹಿಡೀತು! ಹನ್ನೆರಡು ಸಾವಿರ ಅಡಿ ದೂರ ಇರೋ ತಪ್ಪನ್ನ ಕೂದಲೆಳೆಯಲ್ಲಿ ಹಿಡೀತು. ಹತ್ತೇ ಬೋರು ಇದ್ದಿದ್ರೆ ಅದೂ ಆಗ್ತಿರಲಿಲ್ಲ. ಹತ್ತು ಸಂಖ್ಯೆ ಇರುವ ಲಿಸ್ಟಲ್ಲಿ ಯಾವ ಸಂಖ್ಯೆಯೂ ಸರಾಸರಿಯಿಂದ 2.85 ಎಸ್‌ಡಿಗಿಂತ ದೂರ ಹೋಗೋಕೇ ಸಾಧ್ಯವಿಲ್ಲ, ಎಷ್ಟೇ ಸೊನ್ನೆ ಸೇರಿಸಿ. ಕಳ್ಳ ತಾನೇ ಬೇಲಿ ಎಳ್ಕೊಂಡು ಹೋಗಿ ತನ್ನ ಆಚೆ ನೆಡ್ತಾನೆ. ಸರಾಸರಿನೂ ಅವನ ಕಡೆ ವಾಲುತ್ತೆ, ಎಸ್‌ಡಿನೂ ಅವನಿಂದಲೇ ಉಬ್ಬುತ್ತೆ.

ಈಗ ಅದೇ 14500 ಇಟ್ಟು ಕ್ವಾರ್ಟೈಲ್ ತೆಗೀರಿ. ಮೂರನೇದು 850ನೇ, ಒಂಬತ್ತನೇದು 1100ನೇ. ಬೇಲಿ 1475, ಒಂದು ಇಂಚೂ ಅಲ್ಲಾಡಿಲ್ಲ. ಕೊನೆಯವನು ಎಷ್ಟು ದೂರ ಇದ್ದಾನೆ ಅಂತ ಕ್ವಾರ್ಟೈಲ್ ಕೇಳೋದೇ ಇಲ್ಲ, ಅವನು ಸಾಲಲ್ಲಿ ಕೊನೆಗೆ ನಿಂತಿದ್ದಾನೆ ಅಷ್ಟು ಸಾಕು. ಈ ಬೇಲಿ ಹಾಕೋ ಐಕ್ಯೂಆರ್ ನಿಯಮ ಇರೋದೇ ಅದಕ್ಕೆ.

ಎಂಬಿಎ_ಮುಳಬಾಗಿಲು · 10:38

ಹ್ಮ್. ನಾಳೆ ಆಫೀಸಲ್ಲಿ ಒಂದು ಶೀಟ್ ತೆಗೆದು ನೋಡ್ಬೇಕು. ಸುಮ್ನೆ ನೋಡ್ಬಾರದಿತ್ತು ಈ ಥ್ರೆಡ್ಡು.

ಗೌರಿಬಿದನೂರು_ಕಿಟ್ಟಿ · 10:41

ಒಂದೂವರೆ ಯಾಕೆ? ಎರಡು ಯಾಕಲ್ಲ? ಪಂಚಾಂಗದಲ್ಲಿ ಬಂದಿದ್ಯಾ?

ಎಣಿಕೆ_ಅಕ್ಕ · 10:50

ಜಾನ್ ಟ್ಯೂಕಿ ಅಂತ ಅಮೆರಿಕದವರು ಹಾಕಿಕೊಟ್ಟ ರೂಢಿ. 1977ರ ಅವರ ಪುಸ್ತಕದಿಂದ ಎಲ್ಲ ಕಡೆ ಹಬ್ಬಿತು. ಗಂಟೆ ಆಕಾರದಲ್ಲಿ ಹರಡಿರೋ ಸಂಖ್ಯೆಗಳಿಗೆ ಒಂದೂವರೆ ಹಾಕಿದ್ರೆ ಸಾವಿರಕ್ಕೆ ಏಳು ಹೊರಗೆ ಬೀಳುತ್ತೆ. ಒಂದು ಹಾಕಿದ್ರೆ ಸಿಕ್ಕಸಿಕ್ಕವರೆಲ್ಲ ಹೊರಗೆ, ಎರಡು ಹಾಕಿದ್ರೆ ಹೆಚ್ಚುಕಮ್ಮಿ ಯಾರೂ ಸಿಗಲ್ಲ. ಗಮನಿಸಿ: ಆ ಸಾವಿರಕ್ಕೆ ಏಳು ಜನ ಏನೂ ತಪ್ಪು ಮಾಡಿರಲ್ಲ. ಸುಮ್ನೆ ತುದಿಯಲ್ಲಿ ಹುಟ್ಟಿದವರು.

ಮಂಡಿ_ಮನೆ · 10:58

ನಮ್ಮ ಕಥೆ ಕೇಳಿ. ಕೋಲಾರ ಎಪಿಎಂಸಿ ಯಾರ್ಡಲ್ಲಿ ಟೊಮ್ಯಾಟೊ ಮಂಡಿ. ಹುಡುಗರು ದರ ಹೊಡೆಯುವಾಗ 240ಕ್ಕೆ 2400 ಅಂತ ಒತ್ತಿಬಿಡ್ತಾರೆ, ರೈತರಿಗೆ ಪಟ್ಟಿ ಕೊಟ್ಟಾದ ಮೇಲೆ ತಲೆ ಚಚ್ಚಿಕೊಳ್ಳೋದು. ಅದಕ್ಕೆ ನಮ್ಮ ತಮ್ಮ ಇದೇ ಬೇಲಿ ಲೆಕ್ಕ ಶೀಟಿಗೆ ಹಾಕಿಕೊಟ್ಟ. ಹಿಂದಿನ ಎರಡು ವರ್ಷದ ದರ ಇಟ್ಕೊಂಡು, ಬೇಲಿ ದಾಟಿದ್ರೆ ಸೆಲ್ ಕೆಂಪಗಾಗೋ ಹಾಗೆ. ಚೆನ್ನಾಗೇ ನಡೀತಿತ್ತು.

2023ರ ಜುಲೈ ಬಂತು. 15 ಕೆಜಿ ಬಾಕ್ಸು ಎರಡು ಸಾವಿರ ದಾಟಿತಲ್ಲ, ನೆನಪಿದೆಯಾ? ಇಡೀ ಶೀಟು ಕೆಂಪು. ಒಂದು ಲಾಟಿಗೆ ನಿಜವಾಗ್ಲೂ ತಪ್ಪಾಗಿ ದರ ಬಿದ್ದಿತ್ತು, ಆ ಕೆಂಪಲ್ಲಿ ಯಾರಿಗೆ ಕಾಣಿಸುತ್ತೆ? ಹೋಯ್ತು.

ಎಣಿಕೆ_ಅಕ್ಕ · 11:06

ಅಣ್ಣಾ, ಆ ದಿನದ ಲಾಟುಗಳನ್ನ ಅದೇ ದಿನದ ಬೇರೆ ಲಾಟುಗಳ ಜೊತೆ ಹೋಲಿಸ್ಬೇಕು. ಎರಡು ವರ್ಷದ ದರದ ಮುಂದೆ ಜುಲೈ ತಿಂಗಳೇ ಔಟ್‌ಲೈಯರ್, ಲಾಟಿನದ್ದೇನೂ ತಪ್ಪಿಲ್ಲ.

ಮಂಡಿ_ಮನೆ · 11:09

ಬೆಳಿಗ್ಗೆ ಹತ್ತು ಲಾಟು ಬಂದಿರುತ್ತೆ, ಅಷ್ಟೊತ್ತಿಗೆ ಯಾವ ಬೇಲಿ ಹಾಕಲಿ ಅಕ್ಕ? ಮೇಲಾಗಿ ಫಸ್ಟ್ ಕ್ವಾಲಿಟಿ, ಸೆಕೆಂಡು, ಗೋಲಿ ಎಲ್ಲಾ ಬೇರೆಬೇರೆ ದರ.

ಎಣಿಕೆ_ಅಕ್ಕ · 11:10

ಅದಕ್ಕೆ ನನ್ನ ಹತ್ರ ಸುಲಭದ ಉತ್ತರ ಇಲ್ಲ. ಕ್ವಾಲಿಟಿ ಪ್ರಕಾರ ಬೇರೆ ಮಾಡ್ಲೇಬೇಕು, ಅಷ್ಟು ಹೇಳಬಲ್ಲೆ.

ಬೋರ್_ಹಾಕಿಸ್ಬೇಕು · ಬೆಳಿಗ್ಗೆ 6:15

ನೀವು ಬೋರ್‌ವೆಲ್ ಬಗ್ಗೆ ಮಾತಾಡ್ತಿದ್ದೀರ ಅಂತ ಬಂದೆ. ನಂದು ಅದೇ ಕಡೆ, ಪಕ್ಕದೂರು. ಎರಡು ಎಕರೆ ಹಿಪ್ಪುನೇರಳೆ ಒಣಗ್ತಿದೆ, ಮುಂದಿನ ವಾರ ರಿಗ್ ಕರೆಸ್ತಿದ್ದೀನಿ. ಎಷ್ಟು ಅಡಿಗೆ ದುಡ್ಡು ರೆಡಿ ಇಟ್ಕೋಬೇಕು ಅಷ್ಟು ಹೇಳಿ ಸಾಕು. ಪಾಯಿಂಟ್ ನೋಡಿದವರು 800ಕ್ಕೆ ಅಂದಿದ್ದಾರೆ.

ಗೌರಿಬಿದನೂರು_ಕಿಟ್ಟಿ · 7:02

ತೆಂಗಿನಕಾಯಿ ಹಿಡ್ಕೊಂಡು ನೋಡಿದ್ರಾ, ಬೇವಿನ ಕಡ್ಡೀನಾ?

ಬೋರ್_ಹಾಕಿಸ್ಬೇಕು · 7:05

ಕಾಯಿ. ನಗಬೇಡಿ ಸ್ವಾಮಿ.

ಶೀಟ್‌ರಾಯ · 7:30

ಇದು ಪರ್ಸೆಂಟೈಲ್ ಪ್ರಶ್ನೆ! ತಂಗಿ ಲಿಸ್ಟಲ್ಲಿ 90ನೇ ಪರ್ಸೆಂಟೈಲ್ ತೆಗೆದೆ. PERCENTILE.INC ಪ್ರಕಾರ 1180. ಅಂದ್ರೆ ಹತ್ತರಲ್ಲಿ ಒಂಬತ್ತು ಬೋರಿಗೆ 1180ರೊಳಗೆ ನೀರು. 1200 ಅಡಿಗೆ ದುಡ್ಡಿಟ್ಕೊಳ್ಳಿ ಅಣ್ಣ.

ಎಣಿಕೆ_ಅಕ್ಕ · 7:48

ಅಣ್ಣಾ ಆ ಮಾತಿಗೆ ರಿಗ್ ಕರೆಸಬೇಡಿ. ಶೀಟ್‌ರಾಯರೇ, ಅದೇ 90ನ್ನ PERCENTILE.EXC ಅಲ್ಲಿ ಕೇಳಿ, 1396 ಬರುತ್ತೆ. ಒಂದೇ ಲಿಸ್ಟು, ಒಂದೇ ಪ್ರಶ್ನೆ, 216 ಅಡಿ ವ್ಯತ್ಯಾಸ. ತುದಿಯಲ್ಲಿ ಇರೋದು 1180, 1450 ಎರಡೇ ಬೋರು. ಅವೆರಡರ ಮಧ್ಯೆ 270 ಅಡಿ ಖಾಲಿ. ಆ ಖಾಲಿ ಜಾಗದಲ್ಲಿ ಎಲ್ಲಿ ಗೂಟ ಹೊಡೀಬೇಕು ಅನ್ನೋದು ಸೂತ್ರದ ಇಷ್ಟ, ನೆಲದ ಕೆಳಗಿನ ನೀರಿಗೂ ಅದಕ್ಕೂ ಸಂಬಂಧ ಇಲ್ಲ.

95 ಕೇಳಿದ್ರೆ ಇನ್ನೂ ಮಜಾ:

```
=PERCENTILE.EXC(A1:A11,0.95)   → #NUM!
```

"11 ಸಂಖ್ಯೆ ಕೊಟ್ಟು 95 ಕೇಳ್ತೀಯಲ್ಲ, ನನ್ನ ಹತ್ರ ಇಲ್ಲ" ಅಂತ ಕೈ ಎತ್ತಿಬಿಡುತ್ತೆ. INC ಮಾತ್ರ ಮರ್ಯಾದೆಗೆ ಏನೋ ಒಂದು ಹೇಳಿ ಕಳಿಸುತ್ತೆ.

ಹೊಸಕೋಟೆ_ಅಪ್ಪ · 8:10

ನನ್ನ ಮಗನಿಗೆ ಜೆಇಇಯಲ್ಲಿ 91 ಪರ್ಸೆಂಟೈಲ್ ಬಂದಿದೆ, 91 ಮಾರ್ಕ್ಸ್ ಬಂದು ಸೀಟ್ ಸಿಗಲ್ಲ ಅಂದ್ರೆ ಏನು ವ್ಯವಸ್ಥೆ ಇದು?

ಪಿಯು_ಮೇಷ್ಟ್ರು · 8:14

ಅದು ಮಾರ್ಕ್ಸ್ ಅಲ್ಲ ಸ್ವಾಮಿ. ಬರೆದ ನೂರರಲ್ಲಿ 91 ಜನ ಅವನಷ್ಟೇ ಅಥವಾ ಅವನಿಗಿಂತ ಕಡಿಮೆ ತೆಗೆದಿದ್ದಾರೆ ಅಂತ. ಲಕ್ಷಾಂತರ ಜನ ಬರೆದಾಗ ಮೇಲಿರೋ 9 ಅಂದ್ರೇನೇ ಎಷ್ಟು ಸಾವಿರ ಅಂತ ಲೆಕ್ಕ ಹಾಕಿ. ಇದಕ್ಕೆ ಬೇರೆ ಥ್ರೆಡ್ ತೆಗೀರಿ.

ರಾಡ್_ಲೆಕ್ಕ · 9:05

ನಾನು ಹನ್ನೊಂದು ವರ್ಷ ರಿಗ್ ಲಾರಿ ಮೇಲೆ ಇದ್ದವನು. ನಿಮ್ಮ ಕಾಲು ಅರ್ಧ ಗೊತ್ತಿಲ್ಲ. ಆದ್ರೆ ಆ ಲಿಸ್ಟ್ ನೋಡಿ ನಗು ಬಂತು. ಒಂದು ರಾಡು 20 ಅಡಿ. 850ಕ್ಕೆ ನಲವತ್ತೆರಡೂವರೆ ರಾಡ್ ಇಳಿಸ್ತೀರಾ? 1450ಕ್ಕೆ 72 ರಾಡ್ ಇಳಿದಿರುತ್ತೆ, 1440, ಮುಂದೆ ಹ್ಯಾಮರು, ಬಿಟ್ ಎರಡೂ ಸೇರಿ ಒಂದೈದಡಿ. ಬಿಲ್ಲಲ್ಲಿ 1450 ಬರೀತಾರೆ. ರೈತರು ಹೇಳೋದೆಲ್ಲ ಬಿಲ್ಲಿನ ಅಡಿ.

ಇನ್ನೊಂದು ಮಾತು. ರಾತ್ರಿ ಎರಡು ಗಂಟೆಗೆ ಬಾಯಲ್ಲಿ ಬರೀ ಬಿಳಿ ಧೂಳು ಏಳ್ತಿರುತ್ತೆ. ಮನೆಯವರೆಲ್ಲ ಟವೆಲ್ ಮೂಗಿಗೆ ಕಟ್ಕೊಂಡು ನಿಂತಿರ್ತಾರೆ. ಪ್ರತಿ ರಾಡಿಗೂ ಯಜಮಾನ ಬಂದು "ಇನ್ನೊಂದು ಬಿಡಿ" ಅಂತಾನೆ. ಆಳ ಹೋದಷ್ಟೂ ಅಡಿಗೆ ರೇಟು ಏರ್ತಾ ಹೋಗುತ್ತೆ, ಅದು ಅವನಿಗೂ ಗೊತ್ತು. ಒಂದು ಹೊತ್ತಿಗೆ ಅವನೇ ಕೈ ಅಡ್ಡ ಮಾಡ್ತಾನೆ, ಸಾಕು ಎತ್ತಿ ಅಂತ. ಆ ಬೋರುಗಳೆಲ್ಲಾ ಎಲ್ಲಿ ನಿಮ್ಮ ಲಿಸ್ಟಲ್ಲಿ? ಹನ್ನೊಂದಕ್ಕೆ ಹನ್ನೊಂದೂ ನೀರು ಬಿದ್ದಿರೋ ಊರು ನಾನಂತೂ ಕಂಡಿಲ್ಲ.

ಎಣಿಕೆ_ಅಕ್ಕ · 9:20

ಇದನ್ನ ನಾನು ಮೊದಲೇ ಕೇಳಬೇಕಿತ್ತು, ಸೂತ್ರದ ಜಗಳದಲ್ಲಿ ಮರೆತೆ. @ಕೆರೆಕೋಡಿ_ಹುಡುಗಿ, ಫೇಲ್ ಆದವು ಎಷ್ಟು?

ಕೆರೆಕೋಡಿ_ಹುಡುಗಿ · ಮಧ್ಯಾಹ್ನ 1:10

ನಾಲ್ಕು ಇತ್ತು ಮೇಡಂ. 1100, 1200, 1300, 1350. ನೀರೇ ಇಲ್ಲ ಅಂದ್ಮೇಲೆ ಬೋರ್‌ವೆಲ್ಲೇ ಅಲ್ಲ ಅಂತ ಬಿಟ್ಬಿಟ್ಟೆ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಇದೆ 🙈

ಎಣಿಕೆ_ಅಕ್ಕ · 2:35

ಸರಿ, ಈಗ ಊಟ ಮುಗಿಸಿ ನಿಧಾನಕ್ಕೆ ಬರೀತೀನಿ.

ಮೊದಲು "ನಮ್ಮೂರಲ್ಲಿ ಎಷ್ಟು ಆಳ ಕೊರೆದಿದ್ದಾರೆ" ಅನ್ನೋದೇ ಪ್ರಶ್ನೆ ಅಂತಿಟ್ಕೋ. ಆಗ ಆ ನಾಲ್ಕೂ ಕೊರೆದ ಬೋರುಗಳೇ, ಸೇರಲೇಬೇಕು. ಒಟ್ಟು 15 ಆಗುತ್ತೆ:

```
620, 780, 850, 900, 920, 960, 1000, 1040,
1100, 1100, 1180, 1200, 1300, 1350, 1450
```

ಮೇಷ್ಟ್ರ ಲೆಕ್ಕದಲ್ಲಿ 16ನ್ನ ನಾಲ್ಕರಿಂದ ಭಾಗಿಸಿ ನಾಲ್ಕನೇದು 900, ಹನ್ನೆರಡನೇದು 1200. ಬೇಲಿ 1650. ಶೀಟ್ ಲೆಕ್ಕದಲ್ಲಿ 910, 1190, ಬೇಲಿ 1610. ಎರಡರಲ್ಲೂ ಮಾವ ಒಳಗೆ! ಯಾವ ಸೂತ್ರ ಅನ್ನೋ ಜಗಳವೇ ಉಳಿಯಲಿಲ್ಲ. ಅವರ ಬೋರು ಒಂಟಿಯಾಗಿ ಕಂಡದ್ದು, ಅಕ್ಕಪಕ್ಕದ ಆಳದ ಬೋರುಗಳನ್ನ ನೀನು ಹಿಂದಿನ ಪುಟದಲ್ಲಿ ಬಿಟ್ಟಿದ್ದರಿಂದ.

ಕೆರೆಕೋಡಿ_ಹುಡುಗಿ · 2:41

ಮಾವನಿಗೆ ಫೋನ್ ಮಾಡಿ ಹೇಳ್ಲಾ 😭

ಪಿಯು_ಮೇಷ್ಟ್ರು · 3:00

ಒಪ್ಪಲ್ಲ ಮೇಡಂ. ಅವಳ ಪ್ರಾಜೆಕ್ಟ್ "ನೀರು ಸಿಗುವ ಆಳ". ನೀರು ಸಿಗದ ಬೋರಿನ 1200ನ್ನ ಅದಕ್ಕೆ ಸೇರಿಸಿದ್ರೆ ಅಲ್ಲಿ 1200ಕ್ಕೆ ನೀರು ಸಿಕ್ಕಿತು ಅಂತಾಗುತ್ತೆ. ಸುಳ್ಳಲ್ವಾ ಅದು? ಎರಡು ಜಾತಿ ಸಂಖ್ಯೆ ಬೆರೆಸಿ ಔಟ್‌ಲೈಯರ್ ಮಾಯ ಮಾಡೋದು ನ್ಯಾಯ ಅಲ್ಲ.

ಎಣಿಕೆ_ಅಕ್ಕ · 3:25

ಒಳ್ಳೇ ಏಟು ಸರ್. ಪ್ರಶ್ನೆ ಅದೇ ಆದ್ರೆ ನಿಮ್ಮ ಮಾತು ನೂರಕ್ಕೆ ನೂರು. ಆ ಬೋರು ಹೇಳೋದು ಇಷ್ಟೇ: 1200ರವರೆಗೆ ಇಲ್ಲ, ಇದ್ದರೆ ಇನ್ನೂ ಕೆಳಗೆ.

ಆದ್ರೆ ಅಷ್ಟು ಗೊತ್ತಿದ್ರೂ ಕ್ವಾರ್ಟೈಲ್ ಅರ್ಧ ಕೆಲಸ ಮಾಡಿಕೊಡುತ್ತೆ, ಅದೇ ಇದರ ಸೊಗಸು. ನಾಲ್ಕೂ ಫೇಲ್ ಬೋರುಗಳು 1100ರ ತನಕ ಒಣಗಿವೆ. ಹಾಗಾಗಿ ಅವುಗಳ ನೀರು ಎಲ್ಲೇ ಇರಲಿ, ಸಾಲಲ್ಲಿ ಅವು ಮೇಲ್ಗಡೆನೇ ನಿಲ್ಲಬೇಕು. 15ರಲ್ಲಿ ನಾಲ್ಕನೇದು ಯಾವುದು? 900. ಅನುಮಾನವೇ ಇಲ್ಲ. ಎಂಟನೇದು, ಅಂದ್ರೆ ಮಧ್ಯಾಂಕ? 1040. ಅದೂ ಖಚಿತ. ಫೇಲ್ ಬೋರುಗಳ ನಿಜವಾದ ಸಂಖ್ಯೆ ಗೊತ್ತಿಲ್ಲದೇನೇ ಇವೆರಡೂ ಸಿಕ್ಕವು. ಮೊದಲು 960 ಅಂದ್ಕೊಂಡಿದ್ದ ಮಧ್ಯಾಂಕ 80 ಅಡಿ ಕೆಳಗಿಳಿಯಿತು ನೋಡಿ. ಸರಾಸರಿ ತೆಗೀತೀವಿ ಅಂದ್ರೆ ಇಲ್ಲಿ ಆಗೋದೇ ಇಲ್ಲ, ನಾಲ್ಕು ಸಂಖ್ಯೆ ಗೊತ್ತಿಲ್ಲದೆ ಏನು ಕೂಡ್ತೀರ?

ಹನ್ನೆರಡನೇದು ಯಾವುದು, ಅಂದ್ರೆ Q3? ಹೇಳಕ್ಕಾಗಲ್ಲ. ಅದು ಆ ಗೊತ್ತಿಲ್ಲದವರ ಮಧ್ಯೆ ಸಿಕ್ಕಿಹಾಕ್ಕೊಂಡಿದೆ. Q3 ಪಕ್ಕಾ ಗೊತ್ತಿಲ್ಲ ಅಂದ್ಮೇಲೆ ಅಂತರವೂ ಪಕ್ಕಾ ಇಲ್ಲ, ಬೇಲಿ ಎಲ್ಲಿದೆ ಅನ್ನೋದೂ ಪಕ್ಕಾ ಇಲ್ಲ. ಆದ್ರೆ ಮೂರು ಫೇಲ್ ಬೋರು ಮತ್ತು ಮಾವನದು ಸೇರಿ ನಾಲ್ಕು 1200ರಿಂದ ಕೆಳಗೇ ಇರೋದ್ರಿಂದ, Q3 1200ಕ್ಕಿಂತ ಕಡಿಮೆ ಆಗೋಕೆ ಸಾಧ್ಯವಿಲ್ಲ. ಅಂದ್ರೆ ಮೇಷ್ಟ್ರ ಲೆಕ್ಕದಲ್ಲಿ ಬೇಲಿ ಕಡಿಮೆ ಅಂದ್ರೂ 1650, ಹಾಗಾಗಿ ಬೇಲಿ ಎಲ್ಲೇ ಇರಲಿ 1450 ಒಳಗೇ.

ಪಿಯು_ಮೇಷ್ಟ್ರು · 3:40

ಇದನ್ನ ಒಪ್ಪಬಹುದು. ಆದ್ರೆ ಗೈಡಿಗೆ "ಬೇಲಿ ಎಲ್ಲಿದೆ ಅಂತ ಪಕ್ಕಾ ಗೊತ್ತಿಲ್ಲ" ಅಂತ ಬರ್ಕೊಟ್ರೆ ತಗೊಳ್ತಾರಾ?

ಬೋರ್_ಹಾಕಿಸ್ಬೇಕು · 4:15

ನನಗೇನು ಹೇಳಿದ್ರಿ ಇಷ್ಟರಲ್ಲಿ?

ಎಣಿಕೆ_ಅಕ್ಕ · 4:30

ಅಣ್ಣಾ, ನಿಮಗೆ ಬೇಕಾಗಿರೋದು ಇಷ್ಟು. ನೀರು ಬಿದ್ದ ಹನ್ನೊಂದನ್ನೇ ನೋಡಿದ್ರೆ 1100 ಅಡಿಯೊಳಗೆ ಒಂಬತ್ತಕ್ಕೆ ನೀರು ಸಿಕ್ಕಿದೆ, ಅಂದ್ರೆ ನೂರಕ್ಕೆ 82. ಕೇಳೋಕೆ ಚೆನ್ನಾಗಿದೆ. ಕೊರೆಸಿದ ಹದಿನೈದು ಮನೆಯವರನ್ನೂ ನೋಡಿದ್ರೆ ಅದೇ 1100 ಅಡಿಯೊಳಗೆ ಸಿಕ್ಕಿದ್ದು ಹದಿನೈದರಲ್ಲಿ ಒಂಬತ್ತಕ್ಕೆ, ನೂರಕ್ಕೆ 60. ನೀವು ಮುಂದಿನ ವಾರ ಕೊರೆಸೋಕೆ ಹೊರಟಾಗ ನೀರು ಬಿದ್ದವರ ಗುಂಪಲ್ಲಿ ಇರ್ತೀರ ಅಂತ ಮೊದಲೇ ಗೊತ್ತಿರಲ್ಲ. ಹಾಗಾಗಿ 60ನ್ನ ನೋಡಿ. 800 ಅಡಿಯೊಳಗೆ ಸಿಕ್ಕಿದ್ದು ಹದಿನೈದರಲ್ಲಿ ಎರಡಕ್ಕೆ.

ಇದೂ ಪಕ್ಕದೂರಿನ ಲೆಕ್ಕ, ನಿಮ್ಮ ಹೊಲದ್ದಲ್ಲ. ಬಂಡೆಯಲ್ಲಿ ಬಿರುಕು ಎಲ್ಲಿದೆ ಅನ್ನೋದರ ಮೇಲೆ ಹೋಗುತ್ತೆ, ನೂರಡಿ ಆಚೆ ಕಥೆ ಬೇರೆ.

ಬೋರ್_ಹಾಕಿಸ್ಬೇಕು · 4:44

ಎರಡಾ...

ಹಳೇ ಬೋರಿಗೇ ಮೋಟರ್ ಇನ್ನೊಂದಿಷ್ಟು ಇಳಿಸಿ ನೋಡ್ತೀನಿ ಮೊದಲು.

ರಾಡ್_ಲೆಕ್ಕ · 5:10

ಇಳಿಸೋ ಮುಂಚೆ ಬೋರ್ ಎಲ್ಲಿವರೆಗೆ ಮುಚ್ಕೊಂಡಿದೆ ಅಂತ ಹಗ್ಗ ಬಿಟ್ಟು ನೋಡಣ್ಣ. ಮೋಟರ್ ಸಿಕ್ಕಾಕ್ಕೊಂಡ್ರೆ ಅದೂ ಹೋಗುತ್ತೆ.

ಗೌರಿಬಿದನೂರು_ಕಿಟ್ಟಿ · 5:30

ಆ ಕಡೆ ಕೆ.ಸಿ. ವ್ಯಾಲಿ ನೀರು ಕೆರೆಗೆ ಬಂದ್ಮೇಲೂ ಇಷ್ಟು ಆಳನಾ? 2018ರಿಂದ ಬಿಡ್ತಿದ್ದಾರಲ್ಲ.

ಮಂಡಿ_ಮನೆ · 5:42

ಕೆರೆ ಪಕ್ಕದವರಿಗೆ ಬಂದಿದೆ. ನಮ್ಮ ಅಣ್ಣನ ಬತ್ತಿಹೋಗಿದ್ದ ಬೋರು ಮತ್ತೆ ಎತ್ತುತ್ತಿದೆ. ನೀರು ಶುದ್ಧ ಮಾಡಿದ್ದು ಸಾಲದು ಅಂತ ಗಲಾಟೆ ಇದೆ, ಅದು ಬೇರೆ ಮಾತು.

ಗೌರಿಬಿದನೂರು_ಕಿಟ್ಟಿ · 5:45

ಬೇರೆ ಮಾತಲ್ಲ, ಅದೇ ಮಾತು. ಬೆಂಗಳೂರಿನವರು ಬಳಸಿ ಬಿಟ್ಟ ನೀರಿಗೆ ನಾವು ಕೈ ಮುಗೀಬೇಕಾ?

ಎಣಿಕೆ_ಅಕ್ಕ · 6:00

ಇಬ್ಬರೂ ಬೇರೆ ಥ್ರೆಡ್ಡಿಗೆ ಹೋಗಿ ಜಗಳ ಆಡಿ. ಆದ್ರೆ ಕಿಟ್ಟಿ ಪ್ರಶ್ನೆಯಲ್ಲಿ ಒಂದು ಅಂಶ ಇದೆ. ಎಲ್ಲರೂ 1450ನ್ನೇ ನೋಡ್ತಾ ಕೂತಿದ್ದೀವಿ, ಆ ಕಡೆ ತುದಿಯ 620ನ್ನ ಯಾರೂ ಕೇಳಲಿಲ್ಲ. ಅದು ಯಾವ ಬೇಲಿಯನ್ನೂ ದಾಟಿಲ್ಲ, ಸರಿ. ಆದ್ರೆ ಯಾವ ಕಾಲದ ಬೋರಮ್ಮ ಅದು? ಕೆರೆ ಪಕ್ಕದ್ದಾ?

ಕೆರೆಕೋಡಿ_ಹುಡುಗಿ · ಮರುದಿನ ಸಂಜೆ 6:20

ಹೋಗಿ ಕೇಳ್ಕೊಂಡು ಬಂದೆ.

ಮೊದಲು ಮಾವನ ಸುದ್ದಿ. ಬಿಲ್ ಹುಡುಕಿ ಕೊಟ್ರು, ರಾಡ್_ಲೆಕ್ಕ ಅಣ್ಣ ಹೇಳಿದ ಹಾಗೆ ಹಿಂದೆ ಪೆನ್ಸಿಲಲ್ಲಿ 72 ಅಂತ ಗೀಟು ಹಾಕಿ ಎಣಿಸಿದ್ದಾರೆ, ಐದೈದರ ಕಟ್ಟು. "ಔಟ್‌ಲೈಯರ್ ಅಂದ್ರೆ ಏನಮ್ಮ" ಅಂದ್ರು, ಹೇಳಿದೆ. "ಸಾಲ ಕೊಟ್ಟವರಿಗೂ ಆ ಲೆಕ್ಕ ಹೇಳು, ಅವರ ಲಿಸ್ಟಿಂದಾನೂ ತೆಗೀಲಿ" ಅಂದ್ರು.

620 ಕೆರೆ ಅಂಗಳದ ಪಕ್ಕದ್ದೇ. ಕೊರೆಸಿದ್ದು ಅವರ ಅಪ್ಪನ ಕಾಲದಲ್ಲಿ, ವರ್ಷ ಸರಿಯಾಗಿ ಗೊತ್ತಿಲ್ಲ. ಆಗ 620ಕ್ಕೆ ನೀರು ಸಿಕ್ಕಿತ್ತಂತೆ, ಮಧ್ಯೆ ಎಷ್ಟೋ ವರ್ಷ ಬತ್ತಿತ್ತಂತೆ, ಕೆರೆ ತುಂಬಿದ ಮೇಲೆ ಮತ್ತೆ ಬರ್ತಿದೆಯಂತೆ. ಪಕ್ಕದ 780ದೂ ಹಳೇದು. ಉಳಿದವರಲ್ಲಿ ಆರು ಜನ ವರ್ಷ ಹೇಳಿದ್ರು, ಮೂವರು "ದೊಡ್ಡ ಮಗನ ಮದುವೆ ವರ್ಷ" ಅಂತ ಹೇಳಿದ್ರು. ಇನ್ನಿಬ್ಬರು ಮನೇಲಿರಲಿಲ್ಲ.

ಗೈಡ್ ಸರ್‌ಗೆ 11 ಮತ್ತು 15 ಎರಡೂ ಲಿಸ್ಟ್ ತೋರಿಸಿದೆ. ಎರಡು ನಿಮಿಷ ನೋಡಿ "ಫೇಲ್ ಆದ್ದನ್ನ ಬೇರೆ ಕಾಲಂ ಮಾಡು, ತೆಗೀಬೇಡ" ಅಂದ್ರು. ಔಟ್‌ಲೈಯರ್ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಈಗ ವರ್ಷದ ಕಾಲಂ ಬೇರೆ ಹಾಕ್ಬೇಕು. ಹಳೇ ಬೋರು ಹೊಸ ಬೋರು ಅಂತ ಎರಡು ಗುಂಪು ಮಾಡಿದ್ರೆ ಒಂದೊಂದರಲ್ಲಿ ಎಷ್ಟು ಉಳಿಯುತ್ತೆ ಅಂತ ನೋಡಿದೆ, ಹಳೇದರಲ್ಲಿ ನಾಲ್ಕೋ ಐದೋ. ಐದಕ್ಕೆ ಕ್ವಾರ್ಟೈಲ್ ತೆಗೀಬಹುದಾ ಅಕ್ಕ?

ಎಣಿಕೆ_ಅಕ್ಕ · 6:45

ತೆಗೀಬಹುದು, ತೆಗೆದು ಏನು ಮಾಡ್ತೀಯ? ಐದನ್ನೂ ಹಾಗೇ ಸಾಲಾಗಿ ಬರೆದು ತೋರಿಸು.

ಶೀಟ್‌ರಾಯ · 6:52

ಮದುವೆ ವರ್ಷನ ಯಾವ ಫಾರ್ಮ್ಯಾಟಲ್ಲಿ ಹಾಕ್ತೀಯ ತಂಗಿ?